ಕೂಸಿನ ನೆತ್ತಿಯ ಹಳದಿ ಹಕ್ಕಳೆ

ಬಾಣಂತಿ ಇರುವ ಮನೆಯಲ್ಲಿ ಮೂರನೆಯ ವಾರದಿಂದ ಮೂರನೆಯ ತಿಂಗಳೊಳಗೆ ಯಾವಾಗಲಾದರೂ ಒಂದು ದಿನ ಈ ಮಾತು ಏಳುತ್ತದೆ: ಕೂಸಿನ ತಲೆಯಲ್ಲಿ ಏನೋ ಕಟ್ಟಿಕೊಂಡಿದೆ. ಹುಟ್ಟಿದಾಗ ನುಣುಪಾಗಿದ್ದ ತಲೆಯ ಮೇಲೆ, ಹೆಚ್ಚಾಗಿ ನೆತ್ತಿಯ ಸುತ್ತ, ಹಳದಿ ಬಣ್ಣದ, ಮುಟ್ಟಿದರೆ ಜಿಡ್ಡುಜಿಡ್ಡಾದ ಹಕ್ಕಳೆ. ಕೆಲವು ಮಕ್ಕಳಲ್ಲಿ ಅದು ತೆಳುವಾಗಿ ಹೊಟ್ಟಿನ ಹಾಗೆ ಉದುರುತ್ತದೆ. ಇನ್ನು ಕೆಲವರಲ್ಲಿ ಪದರದ ಮೇಲೆ ಪದರ ಕೂತು, ಕೂದಲನ್ನೂ ಸೇರಿಸಿಕೊಂಡು ದಪ್ಪಗಾಗುತ್ತದೆ. ಮಕ್ಕಳ ಡಾಕ್ಟರು ಇದಕ್ಕೆ ಕ್ರೇಡಲ್ ಕ್ಯಾಪ್ ಅನ್ನುತ್ತಾರೆ, ಚೀಟಿಯಲ್ಲಿ ಬರೆಯುವಾಗ ಸೆಬೊರಿಕ್ ಡರ್ಮಟೈಟಿಸ್.

ನೋಡಿದವರೆಲ್ಲ ಒಂದೊಂದು ಕಾರಣ ಹೇಳುತ್ತಾರೆ. ಉಷ್ಣ ಆಗಿದೆ, ತಾಯಿ ಪಥ್ಯ ತಪ್ಪಿದ್ದಾಳೆ, ಎರೆಯುವವಳು ಸರಿಯಾಗಿ ಎರೆದಿಲ್ಲ, ನೆತ್ತಿಗೆ ಎಣ್ಣೆ ಸಾಲದೆ ಒಣಗಿದೆ. ಮೊದಲಿನ ಮೂರು ಸುಳ್ಳು, ಅಷ್ಟೇನೂ ಅಪಾಯವಿಲ್ಲದ ಸುಳ್ಳು. ಪಾಪದ ಬಾಣಂತಿಯ ಊಟದಿಂದ ಇನ್ನೊಂದು ತರಕಾರಿ ಕಡಿಮೆಯಾಗುತ್ತದೆ ಅಷ್ಟೆ. ನಾಲ್ಕನೆಯದು ಮಾತ್ರ ತೊಂದರೆಯನ್ನು ಹೆಚ್ಚಿಸುತ್ತದೆ, ಯಾಕೆಂದರೆ ನೆತ್ತಿ ಒಣಗಿಲ್ಲ. ಅಲ್ಲಿ ಜಿಡ್ಡು ಬೇಕಾದ್ದಕ್ಕಿಂತ ಜಾಸ್ತಿ ಇದೆ.

ಆ ಜಿಡ್ಡು ಬಂದದ್ದು ಹೀಗೆ. ನಮ್ಮೆಲ್ಲರ ಚರ್ಮದಲ್ಲಿ, ಕೂದಲಿನ ಬುಡದಲ್ಲಿ, ಎಣ್ಣೆ ಸುರಿಸುವ ಸಣ್ಣ ಗ್ರಂಥಿಗಳಿವೆ. ಸಾಮಾನ್ಯವಾಗಿ ಇವು ಎಚ್ಚರಗೊಳ್ಳುವುದು ಹರೆಯದಲ್ಲಿ, ಮೊಡವೆಯ ಕಾಲದಲ್ಲಿ. ಆದರೆ ಬಸುರಿನಲ್ಲಿ ತಾಯಿಯ ಹಾರ್ಮೋನುಗಳು ಹೊಕ್ಕುಳಬಳ್ಳಿಯ ಮೂಲಕ ಮಗುವಿಗೂ ತಲುಪುತ್ತವೆ. ಹುಟ್ಟಿದ ಮೇಲೂ ಕೆಲವು ತಿಂಗಳು ಮಗುವಿನ ದೇಹದಲ್ಲಿ ಅಂಥ ಹಾರ್ಮೋನುಗಳ ಓಡಾಟ ಇರುತ್ತದೆ. ಅಷ್ಟು ದಿನ ಕೂಸಿನ ತಲೆಯ ಗ್ರಂಥಿಗಳು ಹರೆಯದ ಹುಡುಗರ ಹಾಗೆ ಎಣ್ಣೆ ಸುರಿಸುತ್ತವೆ. ಆ ಎಣ್ಣೆಯನ್ನು ತಿಂದು ಬದುಕುವ ಮಲಸೀಜಿಯಾ ಎಂಬ ಸೂಕ್ಷ್ಮ ಶಿಲೀಂಧ್ರವೊಂದು ಎಲ್ಲರ ಚರ್ಮದ ಮೇಲೂ ಇದೆ, ದೊಡ್ಡವರ ತಲೆಹೊಟ್ಟಿಗೂ ಅದರದೇ ಪಾಲು. ಎಣ್ಣೆ ಹೆಚ್ಚಿದಲ್ಲಿ ಅದೂ ಹೆಚ್ಚುತ್ತದೆ. ಎಣ್ಣೆಯನ್ನು ಅದು ಒಡೆದಾಗ ಹುಟ್ಟುವ ಕೊಬ್ಬಿನ ಆಮ್ಲಗಳು ಚರ್ಮವನ್ನು ಕೆರಳಿಸುತ್ತವೆ, ಕೆರಳಿದ ಚರ್ಮ ತನ್ನ ಹೊರಪದರವನ್ನು ಆತುರಾತುರವಾಗಿ ಕಳಚುತ್ತದೆ. ಕಳಚಿದ ಪದರ ಉದುರಿ ಹೋಗದೆ ಜಿಡ್ಡಿನಲ್ಲಿ ಅಂಟಿಕೊಂಡು ಕೂರುತ್ತದೆ. ಅದೇ ಹಕ್ಕಳೆ.

ಹಾಗಾಗಿ ಇದು ಕೊಳೆಯಲ್ಲ, ಅಂಟುರೋಗವೂ ಅಲ್ಲ. ಹಾರ್ಮೋನು ಇಳಿದಂತೆ ಎಣ್ಣೆ ಇಳಿಯುತ್ತದೆ, ಎಣ್ಣೆ ಇಳಿದಂತೆ ಹಕ್ಕಳೆಯೂ ಹೋಗುತ್ತದೆ. ಬಹುಪಾಲು ಮಕ್ಕಳಲ್ಲಿ ಆರೆಂಟು ತಿಂಗಳಿಗೆ, ತಡವಾದರೆ ಒಂದು ವರ್ಷಕ್ಕೆ ತಲೆ ತಾನಾಗಿ ಚೊಕ್ಕಟವಾಗುತ್ತದೆ. ಏನೂ ಮಾಡದಿದ್ದರೂ ನಡೆಯುತ್ತದೆ ಎಂಬುದು ಈ ವಿಷಯದಲ್ಲಿ ಯಾರೂ ಗಟ್ಟಿಯಾಗಿ ಹೇಳದ ಸತ್ಯ. ಜಗತ್ತಿನ ಚಿಕಿತ್ಸಾ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 2019ರಲ್ಲಿ ಇದರ ಬಗ್ಗೆ ಹುಡುಕಿದಾಗ ಸಿಕ್ಕಿದ್ದು 6 ಸಣ್ಣ ಪ್ರಯೋಗಗಳು, ಎಲ್ಲ ಸೇರಿ ಸುಮಾರು 300 ಮಕ್ಕಳು. ಇಂಥ ಚಿಕಿತ್ಸೆಯೇ ಮೇಲು ಎಂದು ಖಚಿತವಾಗಿ ಹೇಳುವಷ್ಟು ಪುರಾವೆ ಅದರಲ್ಲಿ ಇರಲಿಲ್ಲ. ಆದ್ದರಿಂದ ಡಬ್ಬಿಯ ಮೇಲೆ ಕ್ರೇಡಲ್ ಕ್ಯಾಪಿಗೆಂದೇ ಬರೆದ ದುಬಾರಿ ಲೋಷನ್ನು ಕೊಳ್ಳುವ ಮೊದಲು ಒಂದು ನಿಮಿಷ ಯೋಚಿಸಿ.

ಆದರೂ ಹಕ್ಕಳೆ ದಪ್ಪಗಾದರೆ ಬಿಡಿಸುವುದು ಒಳ್ಳೆಯದು. ನೋಡಲು ಚೆಂದವಿಲ್ಲ ಎನ್ನುವುದು ಒಂದು ಕಾರಣ. ಅದನ್ನು ನೋಡಿದ ಪ್ರತಿಯೊಬ್ಬರೂ ಉಗುರಿನಿಂದ ಕೀಳಲು ಹೊರಡುತ್ತಾರೆ ಎನ್ನುವುದು ಅದಕ್ಕಿಂತ ದೊಡ್ಡ ಕಾರಣ. ಕಿತ್ತ ಜಾಗ ಹಸಿಯಾಗುತ್ತದೆ, ಅಲ್ಲಿಂದ ಸೋಂಕು ಒಳಗಿಳಿಯುತ್ತದೆ.

ಈಗ ಎಣ್ಣೆಯ ವಿಷಯ. ಒಂದೂವರೆ ತಿಂಗಳ ಗಂಡುಮಗು, ಬಾಣಂತನಕ್ಕೆ ತವರಿಗೆ ಬಂದ ತಾಯಿ, ಐದು ಮಕ್ಕಳನ್ನು ಬೆಳೆಸಿದ ಅಜ್ಜಿ ಇರುವ ಮನೆಯೊಂದನ್ನು ಕಲ್ಪಿಸಿಕೊಳ್ಳಿ. ಇಂಥ ಮನೆ ನಮ್ಮಲ್ಲಿ ಬೀದಿಗೆ ಒಂದಾದರೂ ಇದೆ. ಹಕ್ಕಳೆ ಕಂಡ ದಿನವೇ ಅಜ್ಜಿ ಅನ್ನುತ್ತಾಳೆ, “ಎಣ್ಣೆ ಸಾಲದು ಕಣೇ, ನೆತ್ತಿ ಹೇಗೆ ಒಣಗಿದೆ ನೋಡು.” ಬೆಳಿಗ್ಗೆ ಎರೆಯುವ ಮೊದಲು ಕೊಬ್ಬರಿ ಎಣ್ಣೆ, ರಾತ್ರಿ ಮಲಗಿಸುವ ಮೊದಲು ನೆತ್ತಿಗೆ ಹರಳೆಣ್ಣೆ ಒತ್ತುವುದು, ಮೇಲೆ ಕುಲಾವಿ ಕಟ್ಟುವುದು ಶುರುವಾಗುತ್ತದೆ. ಮೊದಲೆರಡು ದಿನ ಹಕ್ಕಳೆ ಮೆತ್ತಗಾಗಿ ಒಂದಿಷ್ಟು ಉದುರುತ್ತದೆ, ಅಜ್ಜಿಯ ಮಾತು ನಿಜವಾಯಿತು ಅನ್ನಿಸುತ್ತದೆ. ಹತ್ತನೆಯ ದಿನಕ್ಕೆ ಅದು ಹಣೆಯ ಅಂಚಿಗೂ ಹುಬ್ಬಿಗೂ ಇಳಿದಿರುತ್ತದೆ. ಎಣ್ಣೆಯ ಪ್ರಮಾಣ ಇನ್ನಷ್ಟು ಏರುತ್ತದೆ.

ಅಜ್ಜಿಯ ಅರ್ಧ ಮಾತು ಸರಿ. ಎಣ್ಣೆ ಹಕ್ಕಳೆಯನ್ನು ಸಡಿಲಿಸುತ್ತದೆ, ಸಡಿಲಿಸಲು ಅದಕ್ಕಿಂತ ಒಳ್ಳೆಯದು ಮನೆಯಲ್ಲಿ ಬೇರೆ ಇಲ್ಲ. ಆದರೆ ಸಡಿಲಿಸಿದ್ದನ್ನು ಎಣ್ಣೆ ತಾನೇ ತೆಗೆದುಹಾಕುವುದಿಲ್ಲ. ತೊಳೆಯದೆ ಬಿಟ್ಟ ಎಣ್ಣೆ, ಮೊದಲೇ ಜಿಡ್ಡಿದ್ದ ತಲೆಗೆ ಇನ್ನಷ್ಟು ಜಿಡ್ಡು. ಮಲಸೀಜಿಯಾ ತನಗೆ ಬೇಕಾದ ಕೊಬ್ಬನ್ನು ತಾನೇ ತಯಾರಿಸಿಕೊಳ್ಳಲಾರದು, ಹೊರಗಿನಿಂದಲೇ ಪಡೆಯಬೇಕು. ಕೊಬ್ಬರಿ ಎಣ್ಣೆ, ಆಲಿವ್ ಎಣ್ಣೆ, ಹರಳೆಣ್ಣೆಗಳಂಥ ಅಡುಗೆಮನೆಯ ಎಣ್ಣೆಗಳಲ್ಲಿ ಇರುವುದೂ ಅಂಥದ್ದೇ ಕೊಬ್ಬು. ಇಡೀ ರಾತ್ರಿ ಕುಲಾವಿಯ ಕೆಳಗೆ ಬೆವರಿನ ಜೊತೆ ಅದು ಕೂತರೆ ಏನಾಗುತ್ತದೆ ಎಂದು ಊಹಿಸಬಹುದು. ಹರಳೆಣ್ಣೆಯಲ್ಲಿ ಇನ್ನೊಂದು ತೊಡಕಿದೆ. ಅದು ಅಂಟು, ಸುಲಭಕ್ಕೆ ತೊಳೆದು ಹೋಗುವುದಿಲ್ಲ. ಅದನ್ನು ಬಿಡಿಸಲು ಸೀಗೆಪುಡಿಯನ್ನೋ ಕಡಲೆಹಿಟ್ಟನ್ನೋ ಹಾಕಿ ಉಜ್ಜಬೇಕಾಗುತ್ತದೆ, ಕೆರಳಿದ ಚರ್ಮ ಆ ತರಿಯಿಂದ ಇನ್ನಷ್ಟು ಕೆರಳುತ್ತದೆ. ಸಾಸಿವೆ ಎಣ್ಣೆಯನ್ನಂತೂ ಕೂಸಿನ ಚರ್ಮದ ಹತ್ತಿರ ತರಬೇಡಿ, ಅದು ಉರಿ ತರುವ ಎಣ್ಣೆ.

ಆ ಮನೆಯಲ್ಲಿ ಮಾಡಬೇಕಾದದ್ದು ಇಷ್ಟು. ರಾತ್ರಿಯ ಎಣ್ಣೆ ನಿಲ್ಲಬೇಕು. ಬೆಳಿಗ್ಗೆ ಎರೆಯುವ ಇಪ್ಪತ್ತು ನಿಮಿಷ ಮೊದಲು ಅರ್ಧ ಚಮಚ ಬೇಬಿ ಆಯಿಲ್ ತೆಗೆದುಕೊಂಡು, ಹಕ್ಕಳೆ ಇರುವಲ್ಲಿಗೆ ಮಾತ್ರ ಬೆರಳ ತುದಿಯಿಂದ ಹಚ್ಚಬೇಕು. ಬೇಬಿ ಆಯಿಲ್ ಎಂದು ಮಾರುವುದರಲ್ಲಿ ಹೆಚ್ಚಿನವು ಖನಿಜ ತೈಲ, ಅಂದರೆ ಲಿಕ್ವಿಡ್ ಪ್ಯಾರಫಿನ್. ಶಿಲೀಂಧ್ರಕ್ಕೆ ಅದರಲ್ಲಿ ತಿನ್ನಲು ಏನೂ ಇಲ್ಲ. ವ್ಯಾಸಲೀನ್ ಕೂಡ ಆಗುತ್ತದೆ. ಮನೆಯಲ್ಲಿ ಕೊಬ್ಬರಿ ಎಣ್ಣೆಯೇ ಇರುವುದು ಅಂದರೆ ಅದೂ ನಡೆಯುತ್ತದೆ, ಇಪ್ಪತ್ತು ನಿಮಿಷದ ಮೇಲೆ ಉಳಿಯಬಾರದು ಅಷ್ಟೆ. ಎಣ್ಣೆ ನೆನೆದ ಮೇಲೆ, ಮಕ್ಕಳ ಮೃದುವಾದ ತಲೆಬ್ರಷ್ಷಿನಿಂದಲೋ ಹಳೆಯ ಪಂಚೆಯ ಮೆತ್ತನೆಯ ತುಂಡಿನಿಂದಲೋ ಸುತ್ತುಸುತ್ತಾಗಿ ಮೆಲ್ಲಗೆ ಉಜ್ಜಬೇಕು. ಸಡಿಲವಾದದ್ದು ಬರುತ್ತದೆ, ಬಾರದ್ದು ನಾಳೆಗೆ ಇರಲಿ. ಒಂದೇ ದಿನ ತಲೆ ಚೊಕ್ಕ ಮಾಡುವ ಹಟವೇ ರಕ್ತ ಬರಿಸುವುದು.

ಆಮೇಲೆ ಉಗುರು ಬೆಚ್ಚಗಿನ ನೀರು. ಎರೆಯುವ ನೀರಿನ ಬಿಸಿ ನಮ್ಮ ಕಡೆ ಸ್ವಲ್ಪ ಜಾಸ್ತಿಯೇ, ಮೊಣಕೈ ಅದ್ದಿ ನೋಡಿದಾಗ ಬಿಸಿ ಅನ್ನಿಸಬಾರದು. ಮಕ್ಕಳ ಶಾಂಪೂ ಒಂದು ಬೊಟ್ಟಿನಷ್ಟು ಹಾಕಿ, ಒಂದು ನಿಮಿಷ ನೊರೆ ಆಡಿಸಿ, ತೊಳೆಯಬೇಕು. ದಪ್ಪ ಹಕ್ಕಳೆ ಇದ್ದರೆ ಇನ್ನೊಮ್ಮೆ ಶಾಂಪೂ ಹಾಕಬೇಕು, ಮೊದಲನೆಯ ಸಲ ಹೋಗುವುದು ಎಣ್ಣೆಯ ಅರ್ಧ ಮಾತ್ರ. ಎಣ್ಣೆ ಹೋಯಿತೋ ಇಲ್ಲವೋ ಎಂದು ತಿಳಿಯಲು ಒಂದು ಸುಲಭದ ದಾರಿ ಇದೆ: ತಲೆ ಒರೆಸಿ ಒಣಗಿದ ಮೇಲೆ ಬಿಳಿಯ ಬಟ್ಟೆಯನ್ನು ನೆತ್ತಿಯ ಮೇಲೆ ಒಂದು ಸಲ ಒತ್ತಿ ನೋಡಿ. ಜಿಡ್ಡಿನ ಕಲೆ ಬಿದ್ದರೆ ಶಾಂಪೂ ಸಾಲಲಿಲ್ಲ ಎಂದರ್ಥ. ಒಣಗಿದ ಮೇಲೆ ಮತ್ತೆ ಎಣ್ಣೆ ಬೇಡ, ಬಿಗಿಯಾದ ಕುಲಾವಿಯೂ ಬೇಡ. (ಸಾಂಬ್ರಾಣಿ ಹೊಗೆಯೂ ಬೇಡ ಎಂದು ಸೇರಿಸಬೇಕಿದೆ. ಅದರ ತೊಂದರೆ ತಲೆಗಲ್ಲ, ಶ್ವಾಸಕ್ಕೆ.)

ಇದನ್ನು ದಿನ ಬಿಟ್ಟು ದಿನ ಮಾಡಿದರೆ ಮೊದಲ ವಾರದಲ್ಲಿ ಹಕ್ಕಳೆ ತೆಳುವಾಗುತ್ತದೆ, ಎರಡು ಮೂರು ವಾರದಲ್ಲಿ ಹೆಚ್ಚಿನದು ಹೋಗಿರುತ್ತದೆ. ಅದರ ಜೊತೆ ಅಲ್ಲಲ್ಲಿ ಕೂದಲೂ ಕಿತ್ತು ಬರುತ್ತದೆ, ಗಾಬರಿ ಬೇಡ, ಮತ್ತೆ ಹುಟ್ಟುತ್ತದೆ. ಆಮೇಲೆ ವಾರಕ್ಕೆ ಎರಡು ಸಲ ಶಾಂಪೂ ಸಾಕು. ನಡುವೆ ಒಮ್ಮೊಮ್ಮೆ ಹಕ್ಕಳೆ ಮರಳಿ ಬಂದರೆ ಅದು ಸೋಲಲ್ಲ, ಗ್ರಂಥಿಗಳು ಇನ್ನೂ ಎಣ್ಣೆ ಸುರಿಸುತ್ತಿವೆ ಅಷ್ಟೆ.

ಹಕ್ಕಳೆ ಎಲ್ಲಕ್ಕಿಂತ ದಪ್ಪವಾಗಿ ಉಳಿಯುವುದು ನೆತ್ತಿಯ ನಡುವೆ, ತಲೆಬುರುಡೆಯ ಎಲುಬುಗಳು ಇನ್ನೂ ಕೂಡದ ಮೆತ್ತನೆಯ ಜಾಗದಲ್ಲಿ. ಅದಕ್ಕೆ ಕಾರಣ ನಮ್ಮ ಹೆದರಿಕೆ. ಅಲ್ಲಿ ಮಿಡಿತ ಕಾಣುತ್ತದೆ, ಕೈ ಹಾಕಿದರೆ ಮಿದುಳಿಗೇ ತಾಗೀತು ಅನ್ನಿಸುತ್ತದೆ, ಹಾಗಾಗಿ ಎಣ್ಣೆ ಮಾತ್ರ ಧಾರಾಳವಾಗಿ ಹಾಕಿ ಉಜ್ಜುವುದನ್ನು ಬಿಟ್ಟುಬಿಡುತ್ತೇವೆ. ಚರ್ಮದ ಕೆಳಗೆ ಅಲ್ಲಿ ಗಟ್ಟಿಯಾದ ಪೊರೆ ಇದೆ. ಮೆತ್ತನೆಯ ಬ್ರಷ್ಷು, ಬೆರಳ ತುದಿ, ಶಾಂಪೂ ಯಾವುದರಿಂದಲೂ ಅಲ್ಲಿ ತೊಂದರೆಯಾಗುವುದಿಲ್ಲ. ಎಣ್ಣೆ ಒತ್ತಿದರೆ ಆ ಜಾಗ ಬೇಗ ಕೂಡುತ್ತದೆ ಎಂಬುದೂ ಇಲ್ಲ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದೊಳಗೆ ಅದು ತನ್ನಷ್ಟಕ್ಕೆ ಗಟ್ಟಿಯಾಗುತ್ತದೆ.

ತಲೆಯಿಂದ ಆಚೆಗೂ ಇದು ಹಬ್ಬಬಹುದು. ಹುಬ್ಬು, ಕಿವಿಯ ಹಿಂದೆ, ಕತ್ತಿನ ಮಡಿಕೆ, ಕಂಕುಳು, ತೊಡೆಸಂದು, ಹೀಗೆ ಎಣ್ಣೆಯ ಗ್ರಂಥಿ ಅಥವಾ ಮಡಿಕೆ ಇರುವಲ್ಲೆಲ್ಲ. ಪುಸ್ತಕಗಳಲ್ಲಿ ಆ ಜಾಗ ಕೆಂಪಗಿರುತ್ತದೆ ಎಂದು ಬರೆದಿರುತ್ತದೆ. ಆ ಪುಸ್ತಕಗಳ ಚಿತ್ರಗಳು ಹೆಚ್ಚಾಗಿ ಬಿಳಿಯ ಮಕ್ಕಳದು. ನಮ್ಮ ಕಂದು ಚರ್ಮದಲ್ಲಿ ಕೆಂಪು ಅಷ್ಟು ಎದ್ದು ಕಾಣದು, ಬದಲಿಗೆ ಆ ಜಾಗ ಸುತ್ತಲಿಗಿಂತ ಮಸುಕಾಗಿ, ಬಿಳಿಚಿದ ಮಚ್ಚೆಯಾಗಿ ಕಾಣಬಹುದು. ಹಕ್ಕಳೆ ಹೋದ ಮೇಲೂ ಹಣೆಯ ಅಂಚಿನಲ್ಲಿ ಕೆಲವು ವಾರ ಆ ಬಿಳಿಚು ಉಳಿಯುತ್ತದೆ. ಮನೆಯಲ್ಲಿ ಯಾರಾದರೊಬ್ಬರು ತೊನ್ನು ಎಂದು ಪಿಸುಗುಡುತ್ತಾರೆ, ತಾಯಿಗೆ ಅಂದಿನಿಂದ ನಿದ್ದೆ ಇಲ್ಲ. ಇದು ತೊನ್ನಲ್ಲ. ತೊನ್ನಿನಲ್ಲಿ ಬಣ್ಣ ಪೂರ್ತಿ ಹೋಗಿ ಜಾಗ ಸುಣ್ಣ ಬಳಿದಷ್ಟು ಬೆಳ್ಳಗಾಗುತ್ತದೆ, ಇಲ್ಲಿ ಬಣ್ಣ ಸ್ವಲ್ಪ ತಗ್ಗಿರುತ್ತದೆ ಅಷ್ಟೆ, ಮತ್ತೆ ಬರುತ್ತದೆ.

ಇಷ್ಟು ಮಾಡಿದರೂ ಹೋಗದಿದ್ದಾಗ, ಅಥವಾ ಮೊದಲಿನಿಂದಲೇ ಏನೋ ಬೇರೆ ಅನ್ನಿಸಿದಾಗ, ನೋಡಬೇಕಾದದ್ದು ಮೊದಲು ಮಗುವನ್ನು, ಆಮೇಲೆ ಹಕ್ಕಳೆಯನ್ನು. ಕ್ರೇಡಲ್ ಕ್ಯಾಪ್ ಇರುವ ಮಗು ಚೆನ್ನಾಗಿ ಹಾಲು ಕುಡಿಯುತ್ತದೆ, ನಿದ್ದೆ ಮಾಡುತ್ತದೆ, ತೂಕ ಏರುತ್ತಿರುತ್ತದೆ, ತಲೆಯ ಗೊಡವೆಯೇ ಅದಕ್ಕಿಲ್ಲ. ಇದರ ಜೊತೆ ಹೆಚ್ಚಾಗಿ ಕಲಸಿಹೋಗುವುದು ಇಸಬು, ಡಾಕ್ಟರು ಅಟೋಪಿಕ್ ಎಕ್ಸಿಮಾ ಅನ್ನುವುದು. ಅದರ ಲಕ್ಷಣ ತುರಿಕೆ. ಚಿಕ್ಕ ಕೂಸಿಗೆ ಕೆರೆದುಕೊಳ್ಳಲು ಬಾರದು, ಹಾಗಾಗಿ ಅದು ತಲೆಯನ್ನು ಹಾಸಿಗೆಗೆ, ಎತ್ತಿಕೊಂಡವರ ಭುಜಕ್ಕೆ ಉಜ್ಜುತ್ತದೆ, ರಾತ್ರಿ ಪದೇಪದೇ ಏಳುತ್ತದೆ. ಇಸಬು ಸಾಮಾನ್ಯವಾಗಿ ಶುರುವಾಗುವುದು ಎರಡು ಮೂರು ತಿಂಗಳ ಮೇಲೆ, ಕ್ರೇಡಲ್ ಕ್ಯಾಪ್ ಇಳಿಯತೊಡಗುವ ಹೊತ್ತಿಗೆ. ಅದು ಕೆನ್ನೆಯನ್ನೂ ಕೈಕಾಲಿನ ಹೊರಮೈಯನ್ನೂ ಹಿಡಿಯುತ್ತದೆ, ಡಯಾಪರ್ ಕಟ್ಟುವ ಜಾಗವನ್ನು ಮಾತ್ರ ಬಿಟ್ಟುಬಿಡುತ್ತದೆ. ಸೆಬೊರಿಕ್ ತೊಂದರೆ ಹಾಗಲ್ಲ, ತೊಡೆಸಂದನ್ನು ಹುಡುಕಿಕೊಂಡು ಹೋಗುತ್ತದೆ. ಅಪ್ಪ ಅಮ್ಮ ಯಾರಿಗಾದರೂ ದಮ್ಮು, ಅಲರ್ಜಿಯ ಸೀನು ಇದ್ದರೆ ಇಸಬಿನ ಕಡೆಗೆ ತೂಕ ಇನ್ನಷ್ಟು. ಅದಕ್ಕೆ ಬೇಕಾದ ಆರೈಕೆಯೂ ಬೇರೆ, ಅಲ್ಲಿ ಚರ್ಮ ನಿಜಕ್ಕೂ ಒಣಗಿರುತ್ತದೆ.

ತಲೆಯ ಒಂದು ಕಡೆ ದುಂಡಗೆ ಕೂದಲು ಹೋಗಿ, ಅಲ್ಲಿ ಮುರಿದ ಕೂದಲಿನ ಕಪ್ಪು ಚುಕ್ಕೆಗಳು ಕಾಣುತ್ತಿದ್ದರೆ ಹುಳುಕಡ್ಡಿಯ ಅನುಮಾನ ಬರಬೇಕು. ಇಷ್ಟು ಚಿಕ್ಕ ಮಕ್ಕಳಲ್ಲಿ ಅದು ಅಪರೂಪ, ಆದರೆ ಮಗುವನ್ನು ಎತ್ತಿಕೊಳ್ಳುವವರ ಸೊಂಟಕ್ಕೋ ತೊಡೆಗೋ ಹುಳುಕಡ್ಡಿ ಇದ್ದರೆ ಬರಬಹುದು. ಕೂದಲಿನೊಳಗೆ ಸೇರಿದ ಶಿಲೀಂಧ್ರ ಮುಲಾಮಿಗೆ ಬಗ್ಗುವುದಿಲ್ಲ, ಹೊಟ್ಟೆಗೆ ಔಷಧಿ ಕೊಡಬೇಕಾಗುತ್ತದೆ. ಹಕ್ಕಳೆಯಿಂದ ಜೇನುಬಣ್ಣದ ನೀರು ಸೋರಿ, ವಾಸನೆ ಬಂದು, ಸುತ್ತ ಊದಿಕೊಂಡರೆ ಅದಕ್ಕೆ ಬ್ಯಾಕ್ಟೀರಿಯಾ ಸೇರಿದೆ. ಆಗ ಅದೇ ದಿನ ತೋರಿಸಬೇಕು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ 100.4 ಡಿಗ್ರಿ ಮುಟ್ಟಿದರಂತೂ ಕಾರಣ ಯಾವುದೇ ಇರಲಿ, ಕಾಯದೆ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು, ಯಾರನ್ನೂ ಹೆದರಿಸದೆ ಮೋಸಗೊಳಿಸುವಂಥದ್ದು. ಹುಟ್ಟುವಾಗಲೇ ತಲೆಯ ಮೇಲೆ ಕೂದಲಿಲ್ಲದ, ಹಳದಿ ಕಿತ್ತಳೆ ಛಾಯೆಯ, ಸ್ವಲ್ಪ ಉಬ್ಬಿದ ಒಂದು ಪಟ್ಟಿ ಇರುತ್ತದೆ. ತಿಂಗಳುಗಟ್ಟಲೆ ಎಣ್ಣೆ ಹಚ್ಚಿ ಉಜ್ಜಿದರೂ ಅದು ಅಲುಗುವುದಿಲ್ಲ, ಯಾಕೆಂದರೆ ಅದು ಹಕ್ಕಳೆಯೇ ಅಲ್ಲ, ಎಣ್ಣೆಯ ಗ್ರಂಥಿಗಳು ಒಂದೆಡೆ ಹೆಚ್ಚಾಗಿ ಬೆಳೆದ ಹುಟ್ಟುಮಚ್ಚೆ. ಹೆಸರು ನೀವಸ್ ಸೆಬೇಷಿಯಸ್. ಅವಸರವೇನೂ ಇಲ್ಲ, ಆದರೆ ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸಿಟ್ಟಿರಬೇಕು.

ತೀರಾ ಅಪರೂಪದ್ದಾದರೂ ಒಂದನ್ನು ಹೇಳದೆ ಬಿಡುವ ಹಾಗಿಲ್ಲ. ಲ್ಯಾಂಗರ್‌ಹಾನ್ಸ್ ಸೆಲ್ ಹಿಸ್ಟಿಯೊಸೈಟೋಸಿಸ್ ಎಂಬ ರೋಗ ಹತ್ತು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಕೆಲವರಿಗಷ್ಟೇ ಬರುತ್ತದೆ. ಅದು ತೊಡುವ ಮೊದಲ ವೇಷ ಎಷ್ಟೋ ಸಲ ಬಿಡದ ಕ್ರೇಡಲ್ ಕ್ಯಾಪಿನದೇ. ವಾರಗಟ್ಟಲೆ ಸರಿಯಾಗಿ ಆರೈಕೆ ಮಾಡಿ, ಡಾಕ್ಟರು ಕೊಟ್ಟ ಮುಲಾಮು ಹಚ್ಚಿದರೂ ಹಕ್ಕಳೆ ಹೋಗುವುದಿಲ್ಲ. ಹಕ್ಕಳೆಯ ನಡುವೆ, ತೊಡೆಸಂದಿನಲ್ಲಿ, ಕೆಂಪುಕಂದು ಬಣ್ಣದ ಸಣ್ಣ ಗುಳ್ಳೆಗಳೂ ರಕ್ತದ ಚುಕ್ಕೆಗಳೂ ಏಳುತ್ತವೆ. ಪಾರದರ್ಶಕ ಗಾಜಿನ ಲೋಟವನ್ನು ಚುಕ್ಕೆಯ ಮೇಲೆ ಒತ್ತಿ ನೋಡಿ. ಒತ್ತಿದಾಗಲೂ ಬಣ್ಣ ಮಾಸದಿದ್ದರೆ ಅದು ಚರ್ಮದೊಳಗೆ ಜಿನುಗಿದ ರಕ್ತ. ಕಿವಿ ಸೋರುವುದು, ಹೊಟ್ಟೆ ಉಬ್ಬುವುದು, ತೂಕ ನಿಲ್ಲುವುದು ಜೊತೆಗೆ ಸೇರಬಹುದು. ಖಚಿತವಾಗುವುದು ಚರ್ಮದ ಸಣ್ಣ ಚೂರು ತೆಗೆದು ಪರೀಕ್ಷಿಸಿದಾಗ. ಹಾಗೆಯೇ ಹಕ್ಕಳೆ ಮೈಯೆಲ್ಲ ಹಬ್ಬಿ, ಜೊತೆಗೆ ಭೇದಿ ನಿಲ್ಲದೆ, ಮಗು ಸೊರಗುತ್ತಿದ್ದರೆ ರೋಗನಿರೋಧಕ ಶಕ್ತಿಯ ದೋಷವೋ ಪೋಷಕಾಂಶದ ಕೊರತೆಯೋ ಎಂದು ದೊಡ್ಡ ಆಸ್ಪತ್ರೆಯಲ್ಲಿ ನೋಡಬೇಕಾಗುತ್ತದೆ. ಒಂದು ವರ್ಷ ದಾಟಿದ ಮೇಲೂ ದಪ್ಪ ಹಕ್ಕಳೆ ಉಳಿದಿದ್ದರೆ ಅದನ್ನೂ ಕ್ರೇಡಲ್ ಕ್ಯಾಪ್ ಎಂದು ಸುಮ್ಮನಿರಬೇಡಿ.

ಸಾಮಾನ್ಯ ಕ್ರೇಡಲ್ ಕ್ಯಾಪೇ ಆಗಿದ್ದು ಮೊಂಡಾಗಿದ್ದರೆ ಡಾಕ್ಟರು ಕೊಡುವುದು ಹೆಚ್ಚಾಗಿ ಎರಡರಲ್ಲಿ ಒಂದು: ಶಿಲೀಂಧ್ರಕ್ಕೆ ಕೀಟೋಕೊನಜೋಲ್, ಇಲ್ಲವೇ ಕೆರಳಿಕೆಗೆ ಕೆಲವೇ ದಿನದ ಮಟ್ಟಿಗೆ ಶೇ. 1ರ ಹೈಡ್ರೊಕಾರ್ಟಿಸೋನ್, ತೀರಾ ಮೆದುವಾದ ಸ್ಟಿರಾಯ್ಡ್. ಔಷಧಿ ಅಂಗಡಿಯಲ್ಲಿ ಫೋನಿನ ಫೋಟೋ ತೋರಿಸಿದರೆ ಸಿಗುವ ಟ್ಯೂಬು ಬೇರೆಯದು. ಅದರಲ್ಲಿ ಶಿಲೀಂಧ್ರದ ಔಷಧಿ, ಆಂಟಿಬಯಾಟಿಕ್, ಜೊತೆಗೆ ಬೀಟಾಮೆಥಸೋನೋ ಕ್ಲೊಬೆಟಸಾಲೋ ಎಂಬ ಬಲವಾದ ಸ್ಟಿರಾಯ್ಡ್ ಬೆರೆತಿರುತ್ತದೆ. ಮೂರು ದಿನದಲ್ಲಿ ಪವಾಡದಂತೆ ಹಕ್ಕಳೆ ಮಾಯವಾಗುತ್ತದೆ, ನಿಲ್ಲಿಸಿದ ವಾರಕ್ಕೆ ಮರಳುತ್ತದೆ, ಮತ್ತೆ ಹಚ್ಚುತ್ತಾರೆ. ಕೂಸಿನ ಚರ್ಮ ತೆಳು, ತೂಕಕ್ಕೆ ಹೋಲಿಸಿದರೆ ಅದರ ಮೈಯ ಹರಹು ದೊಡ್ಡದು, ಹಾಗಾಗಿ ಹಚ್ಚಿದ ಸ್ಟಿರಾಯ್ಡ್ ರಕ್ತಕ್ಕೂ ಇಳಿಯುತ್ತದೆ. ಹುಳುಕಡ್ಡಿ ಇದ್ದರೆ ಅದು ಗುರುತು ಸಿಗದಷ್ಟು ರೂಪ ಬದಲಿಸಿ ಬೆಳೆಯುತ್ತದೆ. 2018ರಲ್ಲಿ ಸರ್ಕಾರ ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು, ಅಂದರೆ ವೈದ್ಯರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ಮಾರಾಟ ನಿಂತಿಲ್ಲ. ದೊಡ್ಡವರ ತಲೆಹೊಟ್ಟಿನ ಶಾಂಪೂವನ್ನೂ ಕೂಸಿಗೆ ಹಾಕಬೇಡಿ. ಕೆಲವದರಲ್ಲಿ ಇರುವ ಸ್ಯಾಲಿಸಿಲಿಕ್ ಆಮ್ಲ ಚರ್ಮದ ಮೂಲಕ ಮೈಗೆ ಸೇರುತ್ತದೆ.

ಡಾಕ್ಟರ ಹತ್ತಿರ ಹೋಗುವ ದಿನ ತಲೆಗೆ ಎಣ್ಣೆ ಹಚ್ಚದೆ ಹೋಗಿ, ಜಿಡ್ಡಿನ ಕೆಳಗಿನ ಚರ್ಮ ಅವರಿಗೆ ಕಾಣಬೇಕು. ಅಲ್ಲಿಯವರೆಗೆ ಹಚ್ಚಿದ ಎಲ್ಲ ಟ್ಯೂಬು, ಎಣ್ಣೆ, ನಾಟಿ ಔಷಧಿಯ ಡಬ್ಬಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಬೈಯುತ್ತಾರೆಂದು ಯಾವುದನ್ನೂ ಮನೆಯಲ್ಲಿ ಬಿಟ್ಟು ಹೋಗಬೇಡಿ.